ಅಂಗೈಗೆ ಕೊಟ್ಟ ಮುಲಾಮು

ಹೋದ ವರ್ಷ ಆಷಾಢದಲ್ಲಿ, ತೋಟಕ್ಕೆ ಎರಡನೇ ಸಲ ಕೊಳೆರೋಗದ ಔಷಧಿ ಬೋರ್ಡೋ ಹೊಡೆಸುವ ಹೊತ್ತಿಗೆ ನನ್ನ ಎರಡೂ ಅಂಗೈ ಬಿರಿದು ಹೋಗಿದ್ದವು. ಮರ ಹತ್ತಿ ಔಷಧಿ ಹೊಡೆಯುವವರು ಬೇರೆ. ಆದರೆ ಸುಣ್ಣ ಕದಡುವುದು, ಮೈಲುತುತ್ತ ಕರಗಿಸುವುದು, ಡ್ರಮ್ಮಿಗೆ ಸುರಿಯುವುದು ಎಲ್ಲ ನನ್ನದೇ. ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ಅಡಿಕೆ ತೋಟ. ಇಷ್ಟು ವರ್ಷ ಬರಿಗೈಯಲ್ಲೇ ಮಾಡಿಕೊಂಡು ಬಂದಿದ್ದೆ. ಮೊದಲು ಬೆರಳಿನ ಪಕ್ಕದಲ್ಲಿ ಸಾಬಕ್ಕಿ ಕಾಳಿನಂಥ ನೀರು ಗುಳ್ಳೆಗಳು ಎದ್ದವು. ಅವು ಒಣಗಿ ಸಿಪ್ಪೆ ಏಳತೊಡಗಿತು. ಆಮೇಲೆ ಗೆರೆಗೆರೆಯಾಗಿ ಒಡೆದು, ಅನ್ನ ಕಲಸಿದರೆ ಉಪ್ಪು ಖಾರ ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು.

ತೀರ್ಥಹಳ್ಳಿಯಲ್ಲಿ ತೋರಿಸಿದಾಗ ಇದು ಇಸುಬು ಎಂದು ಹೇಳಿ ಒಂದು ಟ್ಯೂಬು ಬರೆದುಕೊಟ್ಟರು. ಕ್ಲೋಬೆಟಾಸಾಲ್ ಆಯಿಂಟ್‌ಮೆಂಟು, 15 ಗ್ರಾಂ. ಬೆಳಗ್ಗೆ ರಾತ್ರಿ ತೆಳ್ಳಗೆ ಹಚ್ಚಬೇಕು, ಎರಡು ವಾರ ಬಿಟ್ಟು ಬಂದು ತೋರಿಸಬೇಕು ಅಂದರು. ಹೊರಗೆ ಔಷಧಿ ಕೊಟ್ಟವನು, "ಸ್ಟೀರಾಯ್ಡ್ ಇದು, ಜಾಸ್ತಿ ಹಚ್ಚಬೇಡಿ" ಅಂತ ಇನ್ನೊಂದು ಮಾತು ಸೇರಿಸಿದ. ಆ ಎರಡು ಮಾತನ್ನೂ ನಾನು ಭದ್ರವಾಗಿ ಹಿಡಿದುಕೊಂಡೆ. ಕಡಲೆ ಬೇಳೆಯ ಅರ್ಧದಷ್ಟು ಹಿಂಡಿ ಎರಡೂ ಕೈಗೆ ಉಜ್ಜಿಕೊಳ್ಳುತ್ತಿದ್ದೆ. ಹಚ್ಚಿದ್ದು ಕಾಣುತ್ತಲೂ ಇರಲಿಲ್ಲ. ತುರಿಕೆ ಸ್ವಲ್ಪ ತಗ್ಗುತ್ತಿತ್ತು, ಬಿರುಕು ಮಾತ್ರ ಹಾಗೇ ಇರುತ್ತಿತ್ತು. ನಾಲ್ಕು ದಿನ ಹಚ್ಚಿ ಎರಡು ದಿನ ಬಿಡುತ್ತಿದ್ದೆ. ಹೆಂಡತಿ ಮತ್ತೆ ಡಾಕ್ಟರ ಹತ್ತಿರ ಹೋಗಿ ಅಂದರೆ, ಔಷಧಿ ಇನ್ನೂ ಮುಗಿದಿಲ್ಲವಲ್ಲ ಅನ್ನುತ್ತಿದ್ದೆ.

ಶ್ರಾವಣದಲ್ಲಿ ತೊಡೆ ಸಂದಿಯಲ್ಲಿ ತುರಿಕೆ ಶುರುವಾಯಿತು. ಮಳೆಗಾಲದಲ್ಲಿ ನಮ್ಮ ಕಡೆ ಇದು ಹೊಸದಲ್ಲ. ಒದ್ದೆ ಚಡ್ಡಿಯಲ್ಲೇ ದಿನವಿಡೀ ತೋಟದಲ್ಲಿರುತ್ತೇವೆ, ಮನೆಯಲ್ಲಿ ಹಗ್ಗದ ಮೇಲಿನ ಬಟ್ಟೆ ವಾರವಾದರೂ ಒಣಗುವುದಿಲ್ಲ. ಎಂಟಾಣೆಯಷ್ಟು ಅಗಲದ ಕೆಂಪು ಬಳೆ, ಅಂಚು ಉಬ್ಬಿ, ನಡುವೆ ಚರ್ಮ ತಿಳಿಯಾಗಿತ್ತು. ಹುಳುಕಡ್ಡಿ ಅಂತ ಯಾರಿಗಾದರೂ ಗೊತ್ತಾಗುವಂತಿತ್ತು. ಕೈಗೆ ಕೊಟ್ಟ ಮುಲಾಮು ಮನೆಯಲ್ಲೇ ಇತ್ತು, ಅದನ್ನೇ ಹಚ್ಚಿದೆ. ಎರಡೇ ದಿನಕ್ಕೆ ತುರಿಕೆ ಮಾಯ, ನಾಲ್ಕನೇ ದಿನಕ್ಕೆ ಕೆಂಪೂ ಇಲ್ಲ. ಅಂಗೈಯಲ್ಲಿ ತಿಂಗಳಾದರೂ ಆಗದ್ದು ಇಲ್ಲಿ ನಾಲ್ಕು ದಿನಕ್ಕೆ ಆಯಿತಲ್ಲ ಅಂತ ಆ ಮುಲಾಮಿನ ಮೇಲೆ ದೊಡ್ಡ ನಂಬಿಕೆ ಬಂತು. ಅದು ಯಾಕೆ ಹಾಗಾಯಿತು ಅನ್ನುವುದರಲ್ಲೇ ಎಲ್ಲ ಇತ್ತು ಅಂತ ಆಮೇಲೆ ತಿಳಿಯಿತು.

ಬಿಟ್ಟು ವಾರವಾಗುವಷ್ಟರಲ್ಲಿ ಮತ್ತೆ ಬಂತು. ಮತ್ತೆ ಹಚ್ಚಿದೆ. ಕೈಯ ಔಷಧಿ ಖರ್ಚಾಗಬಾರದೆಂದು ಒಂದು ಮೆಡಿಕಲ್ ಶಾಪಿನಲ್ಲಿ ತುರಿಕೆಗೆ ಏನಾದರೂ ಕೊಡಿ ಅಂದೆ. ಚೀಟಿ ಕೇಳದೆ ಒಂದು ಕ್ರೀಮು ಕೊಟ್ಟರು. ಅದೂ ಕ್ಲೋಬೆಟಾಸಾಲೇ. ಜೊತೆಗೆ ಒಂದು ಶಿಲೀಂಧ್ರದ ಔಷಧಿ, ಒಂದು ಆಂಟಿಬಯಾಟಿಕ್ ಬೆರೆಸಿದ್ದರು. ದರ ಕಡಿಮೆ. ಒಂದು ಟ್ಯೂಬು ಮುಗಿಯಿತು, ಎರಡಾಯಿತು. ಕಾರ್ತಿಕ ಕಳೆಯುವ ಹೊತ್ತಿಗೆ ನಾಲ್ಕನೆಯದು ನಡೆದಿತ್ತು. ಆಗ ಬಳೆ ಬಳೆಯಾಗಿ ಕಾಣುತ್ತಿರಲಿಲ್ಲ. ಒಂದರೊಳಗೊಂದು ಸುತ್ತು, ಅಂಚು ಎಲ್ಲಿ ಮುಗಿಯಿತು ಅಂತ ತಿಳಿಯದ ಕಂದು ಬಣ್ಣ, ಸೊಂಟದವರೆಗೂ ಹಬ್ಬಿತ್ತು. ಸ್ನಾನ ಮಾಡುವಾಗ ಒಂದು ದಿನ ತೊಡೆಯ ಒಳಗೆ ನೇರಳೆ ಬಣ್ಣದ ಗೆರೆಗಳು ಕಂಡವು. ಮುಟ್ಟಿದರೆ ತುಸು ತಗ್ಗು, ಚರ್ಮ ಒಳಗಿನಿಂದ ಹರಿದ ಹಾಗೆ. ಹೆದರಿಕೆಯಾಯಿತು.

ಶಿವಮೊಗ್ಗದಲ್ಲಿ ಒಬ್ಬರು ಚರ್ಮದ ಡಾಕ್ಟರ ಹತ್ತಿರ ಹೋದೆ. ಇದುವರೆಗೆ ಹಚ್ಚಿದ್ದನ್ನೆಲ್ಲ ತನ್ನಿ ಅಂತ ಫೋನಿನಲ್ಲೇ ಹೇಳಿದ್ದರು, ಹಾಗಾಗಿ ಖಾಲಿ ಟ್ಯೂಬುಗಳೂ ಕವರಿನಲ್ಲಿದ್ದವು. ಮೇಡಂ ಅವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದು ಕಡೆ ಕೈಯ ಟ್ಯೂಬು, ಇನ್ನೊಂದು ಕಡೆ ಹಿಂಡಿ ಹಿಂಡಿ ಸುರುಳಿ ಸುತ್ತಿದ ನಾಲ್ಕು.

"ಈ ಕೈದು ಯಾವಾಗ ತಗೊಂಡಿದ್ದು?"

"ಆಷಾಢದಲ್ಲಿ ಮೇಡಂ."

"ಐದು ತಿಂಗಳಾಯ್ತು. ಇದು ಎರಡು ವಾರಕ್ಕೆ ಮುಗೀಬೇಕಿತ್ತು."

ನಾನು ತೆಳ್ಳಗೆ ಹಚ್ಚಿದೆ ಅಂದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ತೆಳ್ಳಗೆ ಅನ್ನುವ ಮಾತಿಗೆ ಅಳತೆ ಇಲ್ಲ, ಹೇಳುವವರೊಂದು ಅಂದುಕೊಂಡಿರುತ್ತಾರೆ, ಕೇಳುವವರೊಂದು ಮಾಡುತ್ತಾರೆ ಅಂದರು. ಡ್ರಾವರಿನಿಂದ ಒಂದು ಹೊಸ ಟ್ಯೂಬು ತೆಗೆದು ನನ್ನ ತೋರು ಬೆರಳನ್ನು ಚಾಚಲು ಹೇಳಿದರು. ಬೆರಳಿನ ತುದಿಯಿಂದ ಕೆಳಗೆ ಬಂದರೆ ಸಿಗುವ ಮೊದಲ ಮಡಿಕೆಯ ಗೆರೆ ಇದೆಯಲ್ಲ, ಅಲ್ಲಿಂದ ಶುರುಮಾಡಿ ತುದಿಯವರೆಗೆ ಮುಲಾಮನ್ನು ಒಂದೇ ಎಳೆಯಾಗಿ ಹಿಂಡಿದರು. ಶ್ಯಾವಿಗೆಗಿಂತ ದಪ್ಪ, ಚಕ್ಕುಲಿ ಎಳೆಗಿಂತ ಸಣ್ಣ. ನನಗೆ ಅದು ವಾರಕ್ಕೆ ಸಾಕಾಗುವಷ್ಟು ಕಂಡಿತು.

"ಇದು ಸುಮಾರು ಅರ್ಧ ಗ್ರಾಂ. ಬೆರಳ ತುದಿ ಅಳತೆ ಅಂತೀವಿ. ದೊಡ್ಡವರ ಎರಡು ಅಂಗೈ, ಬೆರಳೂ ಸೇರಿ, ಎಷ್ಟು ಜಾಗ ಆಗುತ್ತೋ ಅಷ್ಟು ಚರ್ಮಕ್ಕೆ ಇದು ಒಂದು ಹೊತ್ತಿಗೆ ಸಾಕು. ನಿಮ್ಮ ರೋಗ ಇರೋದು ಸರಿಯಾಗಿ ಅಷ್ಟೇ ಜಾಗದಲ್ಲಿ."

ಅಲ್ಲೇ ಲೆಕ್ಕ ಹಾಕಿ ತೋರಿಸಿದರು. ಹೊತ್ತಿಗೆ ಅರ್ಧ ಗ್ರಾಂ, ದಿನಕ್ಕೆ ಎರಡು ಹೊತ್ತು ಅಂದರೆ ಒಂದು ಗ್ರಾಂ, 14 ದಿನಕ್ಕೆ 14 ಗ್ರಾಂ. ಮೊದಲು ನೋಡಿದ ಡಾಕ್ಟರು 15 ಗ್ರಾಮಿನ ಟ್ಯೂಬು ಬರೆದದ್ದು ಸುಮ್ಮನೆ ಅಲ್ಲ. ಎರಡು ವಾರಕ್ಕೆ ಟ್ಯೂಬು ಮುಗಿದಿದ್ದರೆ ಸರಿಯಾಗಿ ಹಚ್ಚಿದ ಹಾಗೆ, ತಿಂಗಳಾದರೂ ಉಳಿದರೆ ಕಡಿಮೆ ಹಚ್ಚಿದ ಹಾಗೆ. ನಮಗೆ ನಾವೇ ಪರೀಕ್ಷೆ ಮಾಡಿಕೊಳ್ಳುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಜಾಗ ಬೇರೆಯಾದರೆ ಎಳೆಯ ಲೆಕ್ಕವೂ ಬೇರೆ. ಒಂದು ಕೈಯ ಅಂಗೈ, ಅದರ ಹಿಂಬದಿ ಎರಡಕ್ಕೂ ಸೇರಿ ಒಂದು ಎಳೆ, ಒಂದು ತೋಳಿಗೆ ಮೂರು, ಒಂದು ಕಾಲಿಗೆ ಆರು, ಪಾದಕ್ಕೆ ಎರಡು. ಇದು ದೊಡ್ಡವರ ಲೆಕ್ಕ. ಮಕ್ಕಳಿಗೆ ವಯಸ್ಸಿನ ಮೇಲೆ ಕಡಿಮೆಯಾಗುತ್ತದೆ, ಆದರೆ ಅಳೆಯುವ ಬೆರಳು ಮಾತ್ರ ದೊಡ್ಡವರದೇ ಆಗಬೇಕು. ರೋಗ ಇಡೀ ತೋಳಿನಲ್ಲಿ ಇಲ್ಲದಿದ್ದರೆ ಇದನ್ನು ಬಾಯಿಪಾಠ ಮಾಡುವ ಕೆಲಸವೂ ಇಲ್ಲ. ರೋಗ ಇರುವ ಜಾಗದ ಮೇಲೆ ಅಂಗೈ ಇಟ್ಟು ಅಳೆದುಕೊಂಡರಾಯಿತು, ಎರಡು ಅಂಗೈಗೆ ಒಂದು ಎಳೆ.

"ಹಾಗಾದ್ರೆ ಹೆದರೋದು ಬೇಡ್ವಾ ಮೇಡಂ?" ಅಂದೆ.

"ಅಂಗೈಗೆ ಹೆದರಬೇಕಾಗಿರಲಿಲ್ಲ. ಹೆದರಬೇಕಾದ ಜಾಗದಲ್ಲಿ ಧಾರಾಳ ಮಾಡಿದ್ದೀರಿ."

ಆಮೇಲೆ ಅವರು ಹೇಳಿದ್ದನ್ನು ನಾನು ಊರಲ್ಲಿ ಎಷ್ಟೋ ಜನಕ್ಕೆ ಹೇಳಿದ್ದೇನೆ. ಮೈಮೇಲಿನ ಚರ್ಮವೆಲ್ಲ ಒಂದೇ ಅಲ್ಲ. 1967ರಲ್ಲಿ ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಇಬ್ಬರು ಹೈಡ್ರೋಕಾರ್ಟಿಸೋನನ್ನು ಮೈಯ ಬೇರೆ ಬೇರೆ ಜಾಗಕ್ಕೆ ಹಚ್ಚಿ, ಎಷ್ಟು ಒಳಗೆ ಇಳಿಯುತ್ತದೆ ಅಂತ ಅಳೆದಿದ್ದರು. ಮುಂದೋಳಿನಲ್ಲಿ ಇಳಿಯುವುದನ್ನು ಒಂದು ಪಾಲು ಅಂತ ಇಟ್ಟುಕೊಂಡರೆ ಅಂಗಾಲಲ್ಲಿ ಅದರ ಏಳನೇ ಒಂದು ಭಾಗ ಇಳಿಯುತ್ತದೆ. ಅಂಗೈಯಲ್ಲಿ ಒಂದಕ್ಕಿಂತ ತುಸು ಕಡಿಮೆ. ಹಣೆಯಲ್ಲಿ ಆರು ಪಾಲು, ದವಡೆಯ ಹತ್ತಿರ 13. ವೃಷಣದ ಚೀಲದ ಚರ್ಮದಲ್ಲಿ 42 ಪಾಲು. ಅದೇ ಔಷಧಿ, ಅದೇ ಕೈಯಿಂದ ಹಚ್ಚಿದ್ದು. ನನ್ನ ಅಂಗೈ ಬೇರೆ ಗುದ್ದಲಿ ಹಿಡಿದು ದಪ್ಪಗಟ್ಟಿದ್ದು. ಅಲ್ಲಿ ಒಳಗೆ ಹೋಗದ ಔಷಧಿ ತೊಡೆ ಸಂದಿಯಲ್ಲಿ ನಾಲ್ಕು ದಿನಕ್ಕೆ ಕೆಲಸ ಮಾಡಿದ್ದು ಇದಕ್ಕೇ. ಸಂದಿಯಲ್ಲಿ ಚರ್ಮಕ್ಕೆ ಚರ್ಮ ಅಂಟಿಕೊಂಡು, ಬೆವರೂ ಸೇರಿ, ಮೇಲೆ ಪ್ಲಾಸ್ಟಿಕ್ ಸುತ್ತಿದ ಹಾಗಾಗುತ್ತದೆ. ಆಗ ಇನ್ನೂ ಹೆಚ್ಚು ಇಳಿಯುತ್ತದೆ. ಚಿಕ್ಕ ಮಕ್ಕಳಿಗೆ ಡಯಾಪರ್ ಕಟ್ಟುವ ಜಾಗದ ಕಥೆಯೂ ಇದೇ.

ಜಾಗಕ್ಕೆ ತಕ್ಕ ಹಾಗೆ ಔಷಧಿಯ ಬಲವನ್ನೂ ಆರಿಸುತ್ತಾರೆ. ನಾನು ಟ್ಯೂಬಿನ ಮೇಲಿನ ಅಂಕಿ ನೋಡಿ, ಇದು ಬರೀ 0.05 ಶೇಕಡಾ, ಒಂದು ಶೇಕಡಾದ್ದಕ್ಕಿಂತ ಸಣ್ಣದು ಅಂದುಕೊಂಡಿದ್ದೆ. ಅದು ಪೂರ್ತಿ ತಪ್ಪು. ಒಂದು ಶೇಕಡಾ ಹೈಡ್ರೋಕಾರ್ಟಿಸೋನ್ ಎಲ್ಲಕ್ಕಿಂತ ಮೆದು ಗುಂಪಿನದು. 0.05 ಶೇಕಡಾ ಕ್ಲೋಬೆಟಾಸಾಲ್ ಎಲ್ಲಕ್ಕಿಂತ ಬಿರುಸಿನದು, ಅದಕ್ಕಿಂತ ನೂರಾರು ಪಟ್ಟು ಬಲ. ಮೊಮೆಟಾಸೋನ್, ಬೀಟಾಮೆಥಾಸೋನ್‌ನಂಥವು ನಡುವೆ ಬರುತ್ತವೆ. ಅಂಕಿ ನೋಡಿ ಬಲ ಗೊತ್ತಾಗುವುದಿಲ್ಲ, ಔಷಧಿಯ ಹೆಸರು ಓದಬೇಕು. ಮುಖ, ರೆಪ್ಪೆ, ಕಂಕುಳು, ತೊಡೆ ಸಂದಿಗೆ ಸ್ಟೀರಾಯ್ಡ್ ಬೇಕೇಬೇಕಾದರೂ ಮೆದುವಾದದ್ದನ್ನು ಕೆಲವೇ ದಿನ ಕೊಡುತ್ತಾರೆ. ರೆಪ್ಪೆಗೆ ತಿಂಗಳುಗಟ್ಟಲೆ ಹಚ್ಚಿದರೆ ಕಣ್ಣಿನ ಒತ್ತಡವೇ ಏರಬಹುದು. ದಪ್ಪ ಅಂಗೈ, ಅಂಗಾಲಿಗೆ ಬಿರುಸಿನದು ಬೇಕು, ಅಲ್ಲಿ ಮೆದುವಾದದ್ದು ಹಚ್ಚಿ ಪ್ರಯೋಜನ ಕಡಿಮೆ. ಕ್ಲೋಬೆಟಾಸಾಲಿಗೆ ಇನ್ನೂ ಒಂದು ಮಿತಿ ಇದೆ: ಒಂದೇ ಸಮನೆ ಎರಡು ವಾರಕ್ಕಿಂತ ಹೆಚ್ಚಿಲ್ಲ, ಇಡೀ ಮೈಗೆ ಸೇರಿ ವಾರಕ್ಕೆ 50 ಗ್ರಾಂ ದಾಟುವಂತಿಲ್ಲ.

ನನಗೆ ಇನ್ನೊಂದು ತಿಳಿಯಬೇಕಿತ್ತು. ಹುಳುಕಡ್ಡಿಗೆ ಹಚ್ಚಿದ ಕ್ರೀಮಿನಲ್ಲಿ ಹುಳುಕಡ್ಡಿಯ ಔಷಧಿಯೂ ಇತ್ತಲ್ಲ, ಹಾಗಿದ್ದೂ ಅದು ಹೇಗೆ ಹಬ್ಬಿತು? ಮೇಡಂ ಮೊಂಡು ಬ್ಲೇಡಿನಿಂದ ಸೊಂಟದ ಹತ್ತಿರದ ಹೊಟ್ಟನ್ನು ಮೆತ್ತಗೆ ಕೆರೆದು ಗಾಜಿನ ಪಟ್ಟಿಯ ಮೇಲೆ ಹಾಕಿದರು. ಅದರ ಮೇಲೆ ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟು, ಸ್ವಲ್ಪ ಹೊತ್ತಾದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿ, ನನಗೂ ನೋಡಲು ಹೇಳಿದರು. ಮಸುಕು ಚರ್ಮದ ಕಣಗಳ ನಡುವೆ ಕವಲೊಡೆದು ಹೋದ ನೂಲುಗಳು, ತುಂಬಾ ಇದ್ದವು. ಸ್ಟೀರಾಯ್ಡ್ ಮಾಡುವುದು ಇಷ್ಟೇ: ಚರ್ಮ ಶಿಲೀಂಧ್ರದ ಮೇಲೆ ಹೋರಾಡುವುದನ್ನು ತಡೆಯುತ್ತದೆ. ಕೆಂಪು, ಊತ, ತುರಿಕೆ ಆ ಹೋರಾಟದ ಗುರುತುಗಳು. ಹೋರಾಟ ನಿಂತರೆ ಗುರುತೂ ಹೋಗುತ್ತದೆ, ನಮಗೆ ವಾಸಿಯಾದಂತೆ ಕಾಣುತ್ತದೆ, ಶಿಲೀಂಧ್ರ ಅಡ್ಡಿಯಿಲ್ಲದೆ ಬೆಳೆಯುತ್ತದೆ. ಜೊತೆಗೆ ಬೆರೆಸಿದ ಶಿಲೀಂಧ್ರದ ಔಷಧಿಗೆ ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ಸಾಲದಾಯಿತು. ಕೊಳೆ ಹಿಡಿದ ಅಡಿಕೆ ಗೊನೆಗೆ ಹಸಿರು ಬಣ್ಣ ಬಳಿದು, ಕೊಳೆ ಹೋಯಿತು ಅಂದುಕೊಂಡ ಹಾಗೆ ಅಂತ ನನಗೆ ಅನ್ನಿಸಿತು. ಬಳೆಯ ಆಕಾರ ಅಳಿಸಿ ಹೋಗುವುದರಿಂದ ನೋಡುವ ಡಾಕ್ಟರಿಗೂ ಇದು ಹುಳುಕಡ್ಡಿ ಅಂತ ಒಂದೇ ನೋಟಕ್ಕೆ ಹೊಳೆಯದೆ ಹೋಗಬಹುದಂತೆ.

ನೇರಳೆ ಗೆರೆಗಳ ಬಗ್ಗೆ ಕೇಳಿದಾಗ ಅವರು ನೇರವಾಗಿ ಹೇಳಿದರು. ಚರ್ಮದ ಒಳಗಿನ ನಾರು ತೆಳುವಾಗಿ ಹರಿದದ್ದು, ಬಣ್ಣ ಕ್ರಮೇಣ ಬಿಳಿಯಾಗುತ್ತದೆ, ಗೆರೆ ಮಾತ್ರ ಪೂರ್ತಿ ಹೋಗುವುದಿಲ್ಲ. ಈ ಮಾತಿಗೆ ನಾನು ತಯಾರಿರಲಿಲ್ಲ. ಯಾರಿಗೂ ಕಾಣದ ಜಾಗ, ನಿಜ. ಆದರೂ ಒಂದು ಪ್ರಶ್ನೆ ಕೇಳದೆ ಕೊಟ್ಟ ಟ್ಯೂಬಿನಿಂದ ಮೈಮೇಲೆ ಆಯುಸ್ಸಿಡೀ ಉಳಿಯುವ ಗುರುತಾಯಿತಲ್ಲ ಅಂತ ಇವತ್ತಿಗೂ ಸಂಕಟವಾಗುತ್ತದೆ. ಕೇಂದ್ರ ಸರ್ಕಾರ 2018ರಲ್ಲೇ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಟ್ಯೂಬಿನ ಮೇಲೆ ಕೆಂಪು ಪಟ್ಟಿ ಇರುತ್ತದೆ. ನನ್ನ ನಾಲ್ಕೂ ಟ್ಯೂಬಿನ ಮೇಲೆ ಅದು ಇತ್ತು, ನಾನು ನೋಡಿರಲಿಲ್ಲ.

ಚಿಕಿತ್ಸೆ ಎರಡು ದಾರಿಯಲ್ಲಿ ನಡೆಯಿತು. ತೊಡೆ ಸಂದಿಗೆ ಸ್ಟೀರಾಯ್ಡ್ ಅಂದೇ ಬಂದ್. ಹುಳುಕಡ್ಡಿಗೆ ನುಂಗುವ ಮಾತ್ರೆ ಮತ್ತು ಸ್ಟೀರಾಯ್ಡ್ ಇಲ್ಲದ ಕ್ರೀಮು. ಈ ಕ್ರೀಮನ್ನು ಕಲೆಯ ಅಂಚಿನಿಂದ ಎರಡು ಬೆರಳಗಲ ಆಚೆಯವರೆಗೂ ಹಚ್ಚಬೇಕು, ಕಣ್ಣಿಗೆ ಪೂರ್ತಿ ವಾಸಿಯಾದ ಮೇಲೂ ಎರಡು ವಾರ ಬಿಡಬಾರದು. ಮೊದಲ ವಾರ ತುರಿಕೆ, ಉರಿ ಹೆಚ್ಚಾಗುತ್ತದೆ, ಆಗ ಹಳೇ ಟ್ಯೂಬಿಗೆ ಕೈ ಹಾಕಬೇಡಿ ಅಂತ ಮೊದಲೇ ಹೇಳಿದ್ದರು. ಹೇಳಿದ ಹಾಗೇ ಮೂರನೇ ದಿನಕ್ಕೆ ಬೆಂಕಿ ಇಟ್ಟ ಹಾಗಾಯಿತು. ಅಡಗಿದ್ದ ಹೋರಾಟ ಮತ್ತೆ ಶುರುವಾಗಿದ್ದಕ್ಕೆ ಹೀಗೆ ಅಂತ ಗೊತ್ತಿಲ್ಲದಿದ್ದರೆ ನಾನು ಐದನೇ ಟ್ಯೂಬು ತರುತ್ತಿದ್ದೆ. ಉಳಿದ ಅರ್ಧ ಟ್ಯೂಬನ್ನು ಹೆಂಡತಿ ಎಲ್ಲಿ ಎಸೆದಳೋ ಅವಳಿಗೇ ಗೊತ್ತು. ಹತ್ತು ದಿನ ಕಳೆದ ಮೇಲೆ ಉರಿ ಇಳಿಯಿತು. ಪೂರ್ತಿ ವಾಸಿಯಾಗಲು ಎರಡು ತಿಂಗಳ ಮೇಲಾಯಿತು. ಅಷ್ಟು ದಿನವೂ ಒಳ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು, ಅಡಿಕೆ ಒಲೆಯ ಹತ್ತಿರ ಗರಿಗರಿ ಒಣಗಿಸಿಯೇ ಹಾಕಿಕೊಂಡೆ.

ಅಂಗೈಗೆ ಮಾತ್ರ ಅದೇ ಕ್ಲೋಬೆಟಾಸಾಲ್, ಈ ಸಲ ಎಳೆ ಅಳೆದು. ಬೆಳಗ್ಗೆ ಒಂದು, ರಾತ್ರಿ ಒಂದು. ಎಳೆಯನ್ನು ಅಲ್ಲಲ್ಲಿ ಚುಕ್ಕಿ ಇಟ್ಟು ಹರಡಬೇಕು, ಉಜ್ಜಿ ಉಜ್ಜಿ ಇಳಿಸುವುದು ಬೇಡ. ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು ಪೆಟ್ರೋಲಿಯಂ ಜೆಲ್ಲಿ. ಎರಡನ್ನೂ ಒಟ್ಟಿಗೆ ಕಲಸಿ ಹಚ್ಚಿದರೆ ಔಷಧಿ ತೆಳುವಾಗಿ ಬೇಡದ ಕಡೆಗೆಲ್ಲ ಹರಡುತ್ತದೆ. ಹಚ್ಚಿದ ಬೆರಳಿನಿಂದ ಕಣ್ಣು ಉಜ್ಜಬಾರದು. ಮೇಲೆ ಪ್ಲಾಸ್ಟಿಕ್ ಕವರು ಸುತ್ತುವುದು ಡಾಕ್ಟರು ಹೇಳದೆ ಮಾಡಬಾರದು, ರಾತ್ರಿ ಬೇಕಾದರೆ ಹತ್ತಿ ಗ್ಲೌಸು ಸಾಕು.

ಒಂದು ಎಡವಟ್ಟು ಇಲ್ಲೂ ಆಯಿತು. ಹತ್ತು ದಿನವಾದರೂ ಟ್ಯೂಬು ಅರ್ಧವೂ ಖಾಲಿಯಾಗಲಿಲ್ಲ. ಪೇಟೆಗೆ ಹೋದಾಗ ಪರಿಚಯದ ಅಕ್ಕಸಾಲಿಗರ ಅಂಗಡಿಯ ತಕ್ಕಡಿಯಲ್ಲಿ ಟ್ಯೂಬು ಇಟ್ಟು ತೂಗಿದೆ, ಬೆರಳಿಗೆ ಒಂದು ಎಳೆ ಹಿಂಡಿ ಮತ್ತೆ ತೂಗಿದೆ. ಅರ್ಧ ಗ್ರಾಂ ಇಳಿಯಬೇಕಾದಲ್ಲಿ ಕಾಲು ಗ್ರಾಮಿನ ಆಸುಪಾಸು ಇಳಿದಿತ್ತು. ಮೇಡಂಗೆ ಫೋನ್ ಮಾಡಿದರೆ, ಟ್ಯೂಬಿನ ಬಾಯಿ ಎಷ್ಟು ಅಗಲ ಇದೆ ಅಂತ ಕೇಳಿದರು. ಬೆರಳ ತುದಿಯ ಲೆಕ್ಕ 5 ಮಿಲಿಮೀಟರ್ ಬಾಯಿಯ ಟ್ಯೂಬಿನದು. ನನ್ನದು ಅದಕ್ಕಿಂತ ಕಿರಿದು, ಎಳೆ ಸಣ್ಣ. ಹಾಗಾಗಿ ಎರಡು ಎಳೆ ಹಿಂಡಿಕೊಳ್ಳಿ ಅಂದರು. ತಕ್ಕಡಿ ಇಲ್ಲದವರು ಎಳೆ ಎಣಿಸಬಹುದು: 15 ಗ್ರಾಮಿನ ಟ್ಯೂಬಿನಿಂದ ಸುಮಾರು 30 ಎಳೆ ಬರಬೇಕು, 60 ಬಂದರೆ ಬಾಯಿ ಸಣ್ಣದು ಅಂತ ಅರ್ಥ.

ಎಳೆ ಸರಿಯಾದ ಮೇಲೆ ವಾರದೊಳಗೆ ಬಿರುಕು ಮುಚ್ಚಿತು. ಐದು ತಿಂಗಳು ಅನ್ನಕ್ಕೆ ಚಮಚ ಹಿಡಿದಿದ್ದವನು ಕೈಯಲ್ಲಿ ಊಟ ಮಾಡಿದೆ. ಆಮೇಲೆ ಬಿರುಸಿನದನ್ನು ನಿಲ್ಲಿಸಿ, ಮೊಮೆಟಾಸೋನನ್ನು ರಾತ್ರಿ ಮಾತ್ರ ಎರಡು ವಾರ, ಅಲ್ಲಿಂದ ಮುಂದೆ ಶನಿವಾರ ಭಾನುವಾರ ಎರಡು ರಾತ್ರಿ ಮಾತ್ರ ಹಚ್ಚಲು ಹೇಳಿದರು. ಸುಣ್ಣಕ್ಕೆ ಬರಿಗೈ ಹಾಕಿದರೆ ಯಾವ ಮುಲಾಮೂ ನಿಲ್ಲಿಸದು ಅಂತಲೂ ಹೇಳಿದರು. ಈಗ ಒಳಗೆ ಹತ್ತಿಯದು, ಹೊರಗೆ ರಬ್ಬರಿನದು, ಎರಡು ಗ್ಲೌಸು ಹಾಕದೆ ಡ್ರಮ್ಮಿನ ಹತ್ತಿರ ಹೋಗುವುದಿಲ್ಲ.

ಅದಾದ ಮೇಲೆ ಒಮ್ಮೆ ಅಣ್ಣನ ಮಗಳು ಕಾಲೇಜಿಂದ ಬಂದಿದ್ದಳು. ಮುಖ ಬಿಸಿಲಿಗೆ ಹೋದರೆ ಕೆಂಪಾಗಿ ಉರಿಯುತ್ತದೆ, ಗಲ್ಲದ ಸುತ್ತ ಸಣ್ಣ ಗುಳ್ಳೆ, ಕೆನ್ನೆಯಲ್ಲಿ ಕೂದಲೆಳೆಯಂಥ ಕೆಂಪು ನರಗಳು. ಕಪ್ಪು ಕಲೆ ಹೋಗಲೆಂದು ಗೆಳತಿ ಹೇಳಿದ ಕ್ರೀಮನ್ನು ಒಂದು ವರ್ಷದಿಂದ ಹಚ್ಚುತ್ತಿದ್ದಾಳೆ. ಟ್ಯೂಬು ತರಿಸಿ ಓದಿದೆ. ಮೂರು ಔಷಧಿಯ ಹೆಸರಿತ್ತು, ಅದರಲ್ಲೊಂದು ಮೊಮೆಟಾಸೋನ್. ನನ್ನ ಅಂಗೈಗೆ ಕೊಟ್ಟದ್ದು! "ಚಿಕ್ಕಪ್ಪ, ಬಿಟ್ರೆ ಇನ್ನೂ ಉರಿಯುತ್ತೆ, ಅದಕ್ಕೇ ಬಿಡಕ್ಕಾಗ್ತಿಲ್ಲ" ಅಂದಳು. ಮಾರನೇ ದಿನವೇ ಬಸ್ಸು ಹತ್ತಿ ಅದೇ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಮುಖದ ಚರ್ಮ ಸುಧಾರಿಸಲು ಅವಳಿಗೆ ತಿಂಗಳುಗಳೇ ಹಿಡಿದವು.

ಈ ವರ್ಷದ ಮಳೆ ಹಿಡಿದಿದೆ. ಬಲಗೈಯ ಉಂಗುರ ಬೆರಳಿನ ಪಕ್ಕದಲ್ಲಿ ಮೊನ್ನೆ ಎರಡು ಸಾಬಕ್ಕಿ ಗುಳ್ಳೆ ಕಂಡವು. ಕಪಾಟಿನಲ್ಲಿರುವ ಟ್ಯೂಬಿನ ಮೇಲೆ ಪೆನ್ನಿನಿಂದ "ಅಂಗೈಗೆ ಮಾತ್ರ" ಅಂತ ಹೆಂಡತಿ ಬರೆದಿದ್ದಾಳೆ, ಕೆಳಗೆ ತೆರೆದ ತಾರೀಕು. ಅದನ್ನು ಹಚ್ಚುವ ಮೊದಲು ಫೋಟೋ ತೆಗೆದು ಮೇಡಂಗೆ ಕಳಿಸಿದ್ದೇನೆ.